ಹಿಂದಿನ ಸಾಲಿನ ಎಡ ತುದಿ

ಮೇಷ್ಟ್ರು ಆ ಫೋಟೊವನ್ನು ಟವೆಲ್ಲಿನಲ್ಲಿ ಸುತ್ತಿ, ಪಕ್ಕದ ಮನೆಯವರು ಅಡಿಕೆ ಹಾಕಿಕೊಂಡು ಹೊರಟಿದ್ದ ಜೀಪಿನಲ್ಲಿ ಕುಳಿತು, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡೇ ಸಾಗರಕ್ಕೆ ತಂದಿದ್ದರು. ನನ್ನ ಸ್ಟುಡಿಯೊದ ಮೆಟ್ಟಿಲು ಹತ್ತುವಾಗ ಕೈ ಕೊಡಲು ಹೋದೆ. ‘ನನ್ನನ್ನು ಬಿಡು, ಇದನ್ನು ಹಿಡಿ’ ಎಂದರು.

1986ರ ಮಾರ್ಚ್‌ನಲ್ಲಿ ತೆಗೆದ ಏಳನೇ ತರಗತಿಯ ಫೋಟೊ ಅದು. ಶಾಲೆಯ ಮುಂದಿನ ಜಗುಲಿ, ಸುಣ್ಣ ಬಳಿದ ಗೋಡೆ, ಮಧ್ಯದ ಮೂರು ಕುರ್ಚಿಗಳಲ್ಲಿ ಮೂವರು ಮೇಷ್ಟ್ರುಗಳು, ಸುತ್ತ ನಾವು ಮೂವತ್ತೆಂಟು ಮಕ್ಕಳು. ಹಿಂದಿನ ಸಾಲಿನಲ್ಲಿ ಬೆಂಚಿನ ಮೇಲೆ ನಿಂತವರಲ್ಲಿ ನಾನೂ ಒಬ್ಬ. ಡಿಸೆಂಬರ್‌ನಲ್ಲಿ ನಮ್ಮ ತರಗತಿಯವರೆಲ್ಲ ಸೇರಿ ಗುರುವಂದನೆ ಇಟ್ಟುಕೊಂಡಿದ್ದೆವು. ವೇದಿಕೆಗೆ ಈ ಫೋಟೊವನ್ನು ದೊಡ್ಡದು ಮಾಡಿಸಿ ಹಾಕಬೇಕೆಂದು ತೀರ್ಮಾನವಾಗಿತ್ತು. ಹೇಗೂ ಸ್ಟುಡಿಯೊ ಇರುವವನು ನಾನೇ.

ಟವೆಲ್ ಬಿಚ್ಚಿದಾಗ ಮನಸ್ಸು ಕುಗ್ಗಿತು. ಎಂಟು ಇಂಚು ಅಗಲ, ಆರು ಇಂಚು ಎತ್ತರದ ಪ್ರಿಂಟು. ಮಲೆನಾಡಿನ ಸುಮಾರು ನಲವತ್ತು ಮಳೆಗಾಲಗಳನ್ನು ಮಣ್ಣಿನ ಗೋಡೆಯ ಮೇಲೆ ಕಳೆದಿತ್ತು. ಎಡಗಡೆ ಕೆಳಮೂಲೆ ಒದ್ದೆಯಾಗಿ ಗಾಜಿಗೆ ಅಂಟಿಕೊಂಡಿತ್ತು. ಅಲ್ಲಲ್ಲಿ ಹಳದಿ ಕಲೆ, ಸಾಸಿವೆ ಚೆಲ್ಲಿದ ಹಾಗೆ ಬೂಷ್ಟಿನ ಚುಕ್ಕೆಗಳು. ಇವೆಲ್ಲ ದಿನವೂ ನೋಡುವಂಥವೇ, ತಿದ್ದಬಹುದು. ಆದರೆ ಮುಖಗಳು ಮಸುಕಾಗಿದ್ದವು. ಅದು ಬೇರೆಯೇ ಕಾಯಿಲೆ.

ಗಾಜಿಗೆ ಅಂಟಿದ ಫೋಟೊವನ್ನು ಕೀಳಲು ಹೋಗಬಾರದು. ಚಿತ್ರ ಇರುವುದು ಕಾಗದದ ಮೇಲಿನ ಜೆಲಟಿನ್ ಪದರದಲ್ಲಿ. ಒದ್ದೆಯಾಗಿ ಒಣಗಿದ ಜೆಲಟಿನ್ ಗಾಜಿಗೆ ಗೋಂದಿನಂತೆ ಕಚ್ಚಿಕೊಂಡಿರುತ್ತದೆ. ಎಳೆದರೆ ಕಾಗದ ಕೈಗೆ ಬರುತ್ತದೆ, ಚಿತ್ರ ಗಾಜಿನಲ್ಲೇ ಉಳಿಯುತ್ತದೆ. ಅಂಟಿದ ಜಾಗವನ್ನು ಗುರುತಿಸುವುದು ಸುಲಭ, ಓರೆಯಾಗಿ ಹಿಡಿದು ನೋಡಿದರೆ ಅಷ್ಟು ಭಾಗ ಮಾತ್ರ ಎಣ್ಣೆ ಹಚ್ಚಿದಂತೆ ಕಪ್ಪಾಗಿ ಹೊಳೆಯುತ್ತದೆ. ಹಾಗಾಗಿ ಕಟ್ಟಿನ ಹಿಂದಿನ ಮೊಳೆಗಳನ್ನು ಬಿಚ್ಚಿ, ಫೋಟೊ ಮತ್ತು ಗಾಜು ಎರಡನ್ನೂ ಒಟ್ಟಿಗೇ ಹೊರತೆಗೆದೆ. ನನ್ನ ಅಂಗಡಿಯಲ್ಲಿ ಜೆರಾಕ್ಸಿಗೂ ಬಳಸುವ ತೆಳ್ಳನೆಯ ಸ್ಕ್ಯಾನರ್ ಇದೆ. ಅದು ತನಗೆ ಒತ್ತಿಕೊಂಡ ಕಾಗದವನ್ನು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ನಡುವೆ ಎರಡು ಮಿಲಿಮೀಟರ್ ಗಾಜು ಬಂದರೆ ಸಾಕು, ಎಲ್ಲವೂ ಕದಡಿದಂತೆ ಬರುತ್ತದೆ. ಹಳೆಯ ದಪ್ಪ ಸ್ಕ್ಯಾನರುಗಳಲ್ಲಿ ಲೆನ್ಸ್ ಮತ್ತು ಕನ್ನಡಿ ಇರುವುದರಿಂದ ಸ್ವಲ್ಪ ದೂರದಲ್ಲಿರುವುದೂ ಕಾಣುತ್ತದೆ. ಅಟ್ಟದಲ್ಲಿದ್ದ ಅಂಥದ್ದೊಂದನ್ನು ಇಳಿಸಿ, ಮೊದಲು ಅಷ್ಟೇ ದಪ್ಪದ ಗಾಜಿನ ಕೆಳಗೆ ಪತ್ರಿಕೆಯ ತುಂಡನ್ನು ಇಟ್ಟು ಪರೀಕ್ಷಿಸಿದೆ. ಸಣ್ಣ ಅಕ್ಷರ, ಒತ್ತಕ್ಷರಗಳೂ ಸ್ಪಷ್ಟವಾಗಿ ಬಂದ ಮೇಲೆಯೇ ಫೋಟೊ ಇಟ್ಟೆ.

ಕಪ್ಪು ಬಿಳುಪು ಚಿತ್ರವಾದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿದೆ, ಇಂಚಿಗೆ 600 ಚುಕ್ಕೆಯಂತೆ. ಬಣ್ಣ ಏಕೆಂದರೆ ಆ ಹಳದಿ ಕಲೆಗಾಗಿ. ಪ್ರಿಂಟನ್ನು, ಚಿತ್ರವನ್ನು ಕಾಯಂ ಮಾಡುವ ಹೈಪೊ ದ್ರಾವಣದಿಂದ ತೆಗೆದ ಮೇಲೆ ಸಾಕಷ್ಟು ನೀರಿನಲ್ಲಿ ತೊಳೆಯದಿದ್ದರೆ ವರ್ಷಗಳ ನಂತರ ಹೀಗೆ ಹಳದಿಯಾಗುತ್ತದೆ. ಮಾರ್ಚ್ ತಿಂಗಳಲ್ಲಿ ನೀರಿಗೆ ಎಷ್ಟು ಕಷ್ಟವಿತ್ತೋ. ಹಳದಿ ಎಂದರೆ ನೀಲಿ ಬೆಳಕನ್ನು ನುಂಗುವ ಬಣ್ಣ. ಬಣ್ಣದ ಸ್ಕ್ಯಾನಿನಲ್ಲಿ ಕೆಂಪು, ಹಸಿರು, ನೀಲಿ ಪದರಗಳನ್ನು ಬೇರೆಬೇರೆಯಾಗಿ ನೋಡಿದರೆ ನೀಲಿಯಲ್ಲಿ ಕಲೆ ಕರ್ರಗೆ ಕಾಣುತ್ತದೆ, ಕೆಂಪಿನಲ್ಲಿ ಬಹುಪಾಲು ಮಾಯವಾಗಿರುತ್ತದೆ. ಕೆಂಪು ಪದರವನ್ನು ಇಟ್ಟುಕೊಂಡು ಉಳಿದದ್ದನ್ನು ಬದಿಗಿರಿಸಿದರೆ ಕಲೆಯ ಕೆಲಸ ಮುಕ್ಕಾಲು ಮುಗಿದಂತೆಯೇ. ಮೊದಲೇ ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿಬಿಟ್ಟರೆ ಈ ದಾರಿ ಮುಚ್ಚಿಹೋಗುತ್ತದೆ.

ಈಗ ಮಸುಕಿನ ವಿಷಯ. ಮುಂದಿನ ಮಾತು ಕೆಲಸದ ಇಡೀ ದಿಕ್ಕನ್ನೇ ಬದಲಿಸಿದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆ ಕಾಲದಲ್ಲಿ ಫೋಟೊ ಎರಡು ಸಲ ಹುಟ್ಟುತ್ತಿತ್ತು. ಒಮ್ಮೆ ಕ್ಯಾಮೆರಾದೊಳಗಿನ ಫಿಲ್ಮಿನ ಮೇಲೆ, ಇನ್ನೊಮ್ಮೆ ಕತ್ತಲೆ ಕೋಣೆಯಲ್ಲಿ ಫಿಲ್ಮಿನ ಚಿತ್ರವನ್ನು ದೊಡ್ಡದು ಮಾಡಿ ಬೀಳಿಸುವ ಎನ್‌ಲಾರ್ಜರ್ ಕೆಳಗಿನ ಕಾಗದದ ಮೇಲೆ. ಮಸುಕು ಎಲ್ಲಿ ಸೇರಿಕೊಂಡಿತು ಎಂಬುದನ್ನು ಹತ್ತು ಪಟ್ಟಿನ ಭೂತಗನ್ನಡಿ ಹೇಳುತ್ತದೆ. ಫಿಲ್ಮಿಗೆ ತನ್ನದೇ ಆದ ಬೆಳ್ಳಿಯ ಕಣಗಳಿರುತ್ತವೆ. ಗೋಡೆಯಂಥ ಬೂದು ಜಾಗದಲ್ಲಿ ನೋಡಿದರೆ ಅವು ನುಣ್ಣನೆಯ ರವೆಯಂತೆ ಕಾಣುತ್ತವೆ. ಮುಖ ಮಸುಕಾಗಿದ್ದು ರವೆ ಸ್ಪಷ್ಟವಾಗಿದ್ದರೆ ತಪ್ಪು ಕ್ಯಾಮೆರಾದಲ್ಲೇ ಆಗಿದೆ, ಫೋಕಸ್ ತಪ್ಪಿದೆ ಅಥವಾ ಕೈ ನಡುಗಿದೆ. ರವೆಯೂ ಕರಗಿ ಹೋಗಿದ್ದರೆ ತಪ್ಪು ಆಗಿರುವುದು ಎನ್‌ಲಾರ್ಜರಿನಲ್ಲಿ. ಅಂದರೆ ಫಿಲ್ಮ್ ಚೆನ್ನಾಗಿಯೇ ಇತ್ತು.

ನಮ್ಮ ಫೋಟೊದಲ್ಲಿ ಗೋಡೆಯ ಮಧ್ಯಭಾಗದಲ್ಲಿ ರವೆಯೇ ಇರಲಿಲ್ಲ, ಹಾಲಿನ ಕೆನೆಯಂತೆ ನಯವಾಗಿತ್ತು. ಭೂತಗನ್ನಡಿಯನ್ನು ಜಾರಿಸುತ್ತಾ ಬಲ ಅಂಚಿಗೆ ಬಂದಂತೆ ಸ್ವಲ್ಪ ಸ್ವಲ್ಪವೇ ರವೆ ಮೂಡತೊಡಗಿತು. ನಾನು ಹತ್ತನೇ ತರಗತಿ ಮುಗಿಸಿ ಎರಡು ವರ್ಷ ಕತ್ತಲೆ ಕೋಣೆಯಲ್ಲಿ ಕೆಲಸ ಕಲಿತವನು. ಇದನ್ನು ಕಣ್ಣಾರೆ ಕಂಡಿದ್ದೇನೆ. ಎನ್‌ಲಾರ್ಜರಿನ ದೀಪದ ಶಾಖಕ್ಕೆ ಫಿಲ್ಮ್ ಹಪ್ಪಳದಂತೆ ನಡುವೆ ಉಬ್ಬುತ್ತದೆ. ಅಂಚುಗಳನ್ನು ಚೌಕಟ್ಟು ಹಿಡಿದಿರುತ್ತದೆ, ಮಧ್ಯ ಮಾತ್ರ ಮೇಲೇಳುತ್ತದೆ. ತಣ್ಣಗಿದ್ದಾಗ ಫೋಕಸ್ ಮಾಡಿ ತೆಗೆದ ಮೊದಲ ಪ್ರಿಂಟು ಚೆನ್ನಾಗಿ ಬರುತ್ತದೆ. ಅದರ ಹಿಂದೆಯೇ ಸಾಲಾಗಿ ತೆಗೆದವು ಮಧ್ಯದಲ್ಲಿ ಮಸುಕಾಗುತ್ತಾ ಹೋಗುತ್ತವೆ. ಕೆಂಪು ದೀಪದ ಬೆಳಕಿನಲ್ಲಿ ಅದು ತಿಳಿಯುವುದಿಲ್ಲ.

ಹಾಗಾದರೆ ಅದೇ ರಾತ್ರಿ ಅದೇ ಫಿಲ್ಮಿನಿಂದ ತೆಗೆದ ಇನ್ನೊಂದು ಪ್ರಿಂಟು ಚೆನ್ನಾಗಿರಬಹುದು!

ಫಿಲ್ಮ್ ಸಿಗಲಿಲ್ಲ. ಫೋಟೊ ತೆಗೆದವರು ಎಂದೋ ತೀರಿಕೊಂಡಿದ್ದರು. ಹಳೆಯ ನೆಗೆಟಿವ್‌ಗಳನ್ನೆಲ್ಲ ಬೆಳ್ಳಿ ತೆಗೆಯುವವರು ತೂಕಕ್ಕೆ ಕೊಂಡುಹೋದರು ಎಂದು ಅವರ ಮನೆಯವರು ಹೇಳಿದರು. ನಮ್ಮ ತರಗತಿಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆದೆ: ಈ ಫೋಟೊ ಯಾರ ಮನೆಯಲ್ಲಿದೆಯೋ ಹುಡುಕಿ, ಎಷ್ಟೇ ಹಾಳಾಗಿದ್ದರೂ ಬಿಸಾಡಬೇಡಿ. ಮೂವರ ಬಳಿ ಸಿಕ್ಕಿತು. ಎರಡು ಮೇಷ್ಟ್ರ ಪ್ರಿಂಟಿಗಿಂತ ಮಸುಕು. ಮೂರನೆಯದು ಹುಬ್ಬಳ್ಳಿಗೆ ಮದುವೆಯಾಗಿ ಹೋದ ಗೆಳತಿಯ ಟ್ರಂಕಿನಲ್ಲಿತ್ತು. ಅವಳು ಫೋನ್ ಮಾಡಿದಾಗ ದನಿಯಲ್ಲೇ ಬೇಸರವಿತ್ತು.

‘ಎಡಗಡೆ ಪೂರ್ತಿ ಗೆದ್ದಲು ತಿಂದುಬಿಟ್ಟಿದೆ. ಮೂರರಲ್ಲಿ ಒಂದು ಪಾಲು ಇಲ್ಲವೇ ಇಲ್ಲ. ಇದನ್ನು ಕಳಿಸಿ ಏನು ಪ್ರಯೋಜನ?’

‘ನಿನ್ನ ಮೂಗುಬೊಟ್ಟು ಕಾಣುತ್ತದೆಯೇ ನೋಡು’ ಎಂದೆ. ಅವಳು ಮಧ್ಯದಲ್ಲಿ, ಮೇಷ್ಟ್ರ ಹಿಂದೆ ನಿಂತಿದ್ದಳು.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಕಾಣುತ್ತದೆ’ ಎಂದಳು.

ಎರಡು ರಟ್ಟುಗಳ ನಡುವೆ ಇಟ್ಟು, ಬಟ್ಟೆಯಲ್ಲಿ ಸುತ್ತಿ, ಊರಿಗೆ ಬರುತ್ತಿದ್ದ ತಮ್ಮನ ಕೈಯಲ್ಲಿ ಕಳಿಸಿದಳು. ಬಲಗಡೆಯ ಎರಡು ಪಾಲು ಅಷ್ಟು ಸ್ಪಷ್ಟವಾಗಿತ್ತು ಎಂದರೆ ಭೂತಗನ್ನಡಿಯಲ್ಲಿ ಕುರ್ಚಿಯ ಬೆನ್ನಿನ ಹೆಣಿಗೆ ಎಣಿಸಬಹುದಿತ್ತು. ಮೇಷ್ಟ್ರ ಕೈಯಲ್ಲಿ ವಾಚ್ ಕಾಣುತ್ತಿತ್ತು. ಗಂಟೆ ಎಷ್ಟೆಂದು ಮಾತ್ರ ಕಾಣುತ್ತಿರಲಿಲ್ಲ. ಅದು ಆ ಫಿಲ್ಮಿನ ಎಲ್ಲೆ.

ಅಷ್ಟರಲ್ಲಿ ಬೆಂಗಳೂರಿನ ಗೆಳೆಯ ಇನ್ನೊಂದು ಕೆಲಸ ಮಾಡಿದ್ದ. ಗುಂಪಿನಲ್ಲಿ ಹಾಕಿದ್ದ ಮೇಷ್ಟ್ರ ಪ್ರಿಂಟಿನ ಚಿತ್ರವನ್ನು ಮುಖ ತಿದ್ದುವ ಒಂದು ಮೊಬೈಲ್ ಆ್ಯಪ್‌ಗೆ ಕೊಟ್ಟು, ಬಂದದ್ದನ್ನು ಎಲ್ಲರಿಗೂ ಕಳಿಸಿದ್ದ. ನಲವತ್ತೊಂದು ಮುಖಗಳೂ ಪಳಪಳ ಹೊಳೆಯುತ್ತಿದ್ದವು. ರೆಪ್ಪೆಗೂದಲು ಎಣಿಸುವ ಹಾಗಿದ್ದವು. ಗುಂಪಿನಲ್ಲಿ ಸಂಭ್ರಮವೋ ಸಂಭ್ರಮ. ಅವನ ಪ್ರೀತಿಯ ಬಗ್ಗೆ ನನಗೆ ಎರಡು ಮಾತಿಲ್ಲ, ಗುರುವಂದನೆಯ ಅರ್ಧ ಖರ್ಚು ಹೊತ್ತವನೇ ಅವನು. ಸಂಜೆ ಮೇಷ್ಟ್ರ ಮೊಮ್ಮಗ ಫೋನಿನಲ್ಲಿ ಅವರಿಗೆ ಅದನ್ನು ತೋರಿಸಿದ. ಮೇಷ್ಟ್ರಿಗೆ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಹತ್ತಿರದ ಕನ್ನಡಕ ಹಾಕಿದರೆ ಚೆನ್ನಾಗಿಯೇ ಕಾಣುತ್ತದೆ. ಬಹಳ ಹೊತ್ತು ನೋಡಿ, ‘ಮಕ್ಕಳು ಲಕ್ಷಣವಾಗಿದ್ದಾರೆ. ಯಾವ ಶಾಲೆಯವರು?’ ಎಂದು ಕೇಳಿದರಂತೆ.

ಏಕೆ ಹಾಗಾಗುತ್ತದೆ ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ಪ್ರಿಂಟಿನಲ್ಲಿ ಒಂದು ತಲೆಯ ಎತ್ತರ ಸುಮಾರು ಒಂಬತ್ತು ಮಿಲಿಮೀಟರ್. ಮಧ್ಯಭಾಗದ ಮಸುಕಿನಲ್ಲಿ ಪ್ರತಿಯೊಂದು ಬಿಂದುವೂ ಅರ್ಧ ಮಿಲಿಮೀಟರಿನಷ್ಟು ಹರಡಿದೆ. ಅಂದರೆ ಹಣೆಯಿಂದ ಗಲ್ಲದವರೆಗೆ ಹದಿನೆಂಟು ಬಿಂದು, ಒಂದು ಕಣ್ಣಿನ ಅಗಲಕ್ಕೆ ಎರಡೂವರೆ. ಎರಡೂವರೆ ಬಿಂದುವಿನಲ್ಲಿ ರೆಪ್ಪೆಗೂದಲು ಎಲ್ಲಿಂದ ಬರಬೇಕು? ಆ್ಯಪ್ ಹಿಂದೆ ಕಲಿತ ಸಾವಿರಾರು ಮುಖಗಳ ಆಧಾರದಲ್ಲಿ, ಇಂಥ ನೆರಳಿರುವ ಕಡೆ ಸಾಮಾನ್ಯವಾಗಿ ಇಂಥ ಕಣ್ಣಿರುತ್ತದೆ ಎಂದು ಒಂದು ಕಣ್ಣನ್ನು ಬರೆಯುತ್ತದೆ. ಅದು ಒಂದು ಕಣ್ಣು ಹೌದು. ಆ ಮಗುವಿನ ಕಣ್ಣಲ್ಲ.

ಬಾಯಿಮಾತಿನಲ್ಲಿ ಹೇಳಿದರೆ ವಾದವಾಗುತ್ತದೆಂದು ನಾನು ಮೂರು ತುಣುಕುಗಳನ್ನು ಪಕ್ಕಪಕ್ಕ ಇಟ್ಟು ಗೆಳೆಯನಿಗೆ ಕಳಿಸಿದೆ. ಮೂರೂ ಹುಬ್ಬಳ್ಳಿಯ ಗೆಳತಿಯ ಮುಖವೇ: ಮೇಷ್ಟ್ರ ಪ್ರಿಂಟಿನ ಮಸುಕು ಮುಖ, ಅದರಿಂದ ಆ್ಯಪ್ ಮಾಡಿಕೊಟ್ಟ ಮುಖ, ಅವಳದೇ ಪ್ರಿಂಟಿನ ನಿಜವಾದ ಮುಖ. ಆ್ಯಪ್ ಮಾಡಿದ ಹುಡುಗಿಗೆ ಮೂಗುಬೊಟ್ಟು ಇರಲಿಲ್ಲ. ತುಟಿ ತೆರೆದು ಹಲ್ಲು ತೋರಿಸಿ ನಗುತ್ತಿದ್ದಳು. ನಿಜವಾದ ಚಿತ್ರದಲ್ಲಿ ನಮ್ಮ ಗೆಳತಿ ತುಟಿ ಬಿಗಿದು, ಹುಬ್ಬು ಗಂಟಿಕ್ಕಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾಳೆ. ಗೆಳೆಯ ಅರ್ಧ ಗಂಟೆಯ ನಂತರ ಫೋನ್ ಮಾಡಿದ. ‘ನನ್ನ ಮುಖವೂ ಬಲಗಡೆ ಇದೆಯಲ್ಲ, ನಿಜವಾದದ್ದನ್ನು ಕಳಿಸು’ ಎಂದ. ಕಳಿಸಿದೆ. ಆಮೇಲೆ ಆ್ಯಪಿನ ಮಾತು ಬರಲಿಲ್ಲ.

ಕೆಲಸದ ದಾರಿ ಈಗ ಸ್ಪಷ್ಟವಾಯಿತು. ಬಲ ಮತ್ತು ಮಧ್ಯಭಾಗ ಹುಬ್ಬಳ್ಳಿಯ ಪ್ರಿಂಟಿನಿಂದ, ಎಡಗಡೆಯ ಮೂರನೇ ಒಂದು ಭಾಗ ಮೇಷ್ಟ್ರ ಪ್ರಿಂಟಿನಿಂದ. ಎರಡೂ ಒಂದೇ ಫಿಲ್ಮಿನ ಮಕ್ಕಳಾದ್ದರಿಂದ ಹೊಂದಬೇಕು. ಆದರೂ ಕಾಗದ ಒದ್ದೆಯಾಗಿ ಒಣಗುವಾಗ ಕೂದಲೆಳೆಯಷ್ಟು ಕುಗ್ಗಿರುತ್ತದೆ, ಒಂದು ಸ್ವಲ್ಪ ಓರೆಯಾಗಿರುತ್ತದೆ. ಗೋಡೆಯ ಮೊಳೆ, ಬಾಗಿಲಿನ ತಿರುಗಣೆ, ಕುರ್ಚಿಯ ಕಾಲು ಇಂಥ ಅಲುಗಾಡದ ಗುರುತುಗಳನ್ನು ಹಿಡಿದು ಒಂದರ ಮೇಲೊಂದು ಕೂರಿಸಿದೆ. ಹೊಲಿಗೆಯ ಗೆರೆಯನ್ನು ಗೋಡೆಯ ಮೇಲೆ, ಮಕ್ಕಳ ಅಂಗಿಗಳ ನಡುವಿನ ನೆರಳಿನಲ್ಲಿ ಇಳಿಸಿದೆ. ಎಲ್ಲಿಯೂ ಒಂದು ಮುಖದ ಮೇಲೆ ಹಾಯಿಸಲಿಲ್ಲ. ಬೂಷ್ಟಿನ ಚುಕ್ಕೆಗಳಿಗೆ ಐದು ಸಂಜೆ ಹಿಡಿಯಿತು. ಗೋಡೆಯ ಮೇಲಿದ್ದರೆ ಪಕ್ಕದ ಗೋಡೆಯಿಂದಲೇ ತುಂಬುವುದು. ಮುಖದ ಮೇಲಿದ್ದರೆ ಅದೇ ಕೆನ್ನೆಯ ಪಕ್ಕದ ಜಾಗದಿಂದ ಮಾತ್ರ, ಅದೂ ಚುಕ್ಕೆ ಕಣ್ಣಿಗಿಂತ ಸಣ್ಣದಾಗಿದ್ದರೆ. ಒಬ್ಬರ ಕೆನ್ನೆ ಇನ್ನೊಬ್ಬರಿಗೆ ಹೋಗಬಾರದು. ಒಂದು ಹುಡುಗಿಯ ಹಣೆಯ ಮೇಲಿನ ದೊಡ್ಡ ಚುಕ್ಕೆಯನ್ನು ಹಾಗೆಯೇ ಬಿಟ್ಟು, ಬಿಳಿಯನ್ನು ಸ್ವಲ್ಪ ಬೂದು ಮಾಡಿದೆ ಅಷ್ಟೇ. ಅದರ ಕೆಳಗೆ ಕುಂಕುಮವಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಎಡಭಾಗದ ಹನ್ನೆರಡು ಮಕ್ಕಳ ಮಸುಕನ್ನು ಕಳೆಯುವುದೇ ನಿಜವಾದ ಕಷ್ಟ. ಫೋಕಸ್ ತಪ್ಪಿದಾಗ ಒಂದು ಬಿಂದು ಎಷ್ಟು ದೊಡ್ಡ ಬಿಲ್ಲೆಯಾಗಿ ಹರಡಿದೆ ಎಂದು ಗೊತ್ತಿದ್ದರೆ, ಆ ಹರಡಿದ್ದನ್ನು ಲೆಕ್ಕದಿಂದ ಸ್ವಲ್ಪಮಟ್ಟಿಗೆ ಹಿಂದಕ್ಕೆ ಒಟ್ಟುಗೂಡಿಸಬಹುದು. ಫೋಟೊಶಾಪಿನಲ್ಲಿ Smart Sharpen ಎಂಬಲ್ಲಿ Lens Blur ಆಯ್ಕೆ ಇರುವುದು ಇದಕ್ಕೇ. ಆದರೆ ಬಿಲ್ಲೆಯ ಅಳತೆಯನ್ನು ನಾವು ಕೊಡಬೇಕು. ಕಡಿಮೆ ಕೊಟ್ಟರೆ ಮಸುಕು ಉಳಿಯುತ್ತದೆ. ಹೆಚ್ಚು ಕೊಟ್ಟರೆ ತಲೆಗೂದಲು ಮತ್ತು ಗೋಡೆ ಸೇರುವಲ್ಲಿ ಬಿಳಿ ಗೆರೆ ಏಳುತ್ತದೆ, ಇನ್ನೂ ಹೆಚ್ಚಾದರೆ ಕೆರೆಗೆ ಕಲ್ಲು ಬಿದ್ದಂತೆ ಅಲೆಗಳು. ಆ ಬಿಳಿ ಗೆರೆಯನ್ನು ಜನ ಸ್ಪಷ್ಟತೆ ಎಂದು ತಿಳಿಯುತ್ತಾರೆ. ಅದು ಚಿತ್ರದಲ್ಲಿ ಇಲ್ಲದ್ದು.

ಸಾಮಾನ್ಯವಾಗಿ ಈ ಅಳತೆಯನ್ನು ಕಣ್ಣಂದಾಜಿನಲ್ಲಿ ಕೊಡುತ್ತೇವೆ. ಇಲ್ಲಿ ನನ್ನ ಕೈಯಲ್ಲಿ ಉತ್ತರಪತ್ರಿಕೆಯೇ ಇತ್ತು. ಮಧ್ಯ ಮತ್ತು ಬಲಭಾಗದಲ್ಲಿ ಅದೇ ಮುಖಗಳು ಮಸುಕಾಗಿಯೂ ಇದ್ದವು, ಸ್ಪಷ್ಟವಾಗಿಯೂ ಇದ್ದವು. ಮಸುಕಿನ ಮೇಲೆ 3, 4, 5 ಪಿಕ್ಸೆಲ್ ಎಂದು ಒಂದೊಂದೇ ಅಳತೆ ಹಾಕಿ ನೋಡುತ್ತಾ, ಯಾವುದು ಹುಬ್ಬಳ್ಳಿಯ ಪ್ರಿಂಟಿಗೆ ಅತಿ ಹತ್ತಿರ ಬರುತ್ತದೆಂದು ಹೋಲಿಸಿದೆ. ಮಧ್ಯದಲ್ಲಿ 6 ಸರಿಯಾಯಿತು. ಅದನ್ನೇ ಎಡ ತುದಿಯ ಮಕ್ಕಳಿಗೆ ಹಾಕಿದಾಗ ಎಲ್ಲರ ತಲೆಯ ಸುತ್ತ ದೇವರ ಪಟದ ಪ್ರಭಾವಳಿಯಂತೆ ಬಿಳಿ ವರ್ತುಲ ಎದ್ದಿತು. ಆಗ ಹಪ್ಪಳದ ಉಬ್ಬು ನೆನಪಾಯಿತು. ಉಬ್ಬು ಮಧ್ಯದಲ್ಲಿ ಹೆಚ್ಚು, ಅಂಚಿನಲ್ಲಿ ಕಡಿಮೆ. ಎಡ ಅಂಚಿನ ಉತ್ತರಪತ್ರಿಕೆಯನ್ನು ಗೆದ್ದಲು ತಿಂದಿದ್ದರೂ ಬಲ ಅಂಚಿನದು ನನ್ನ ಬಳಿ ಇದೆಯಲ್ಲ! ಬಲ ತುದಿಯ ಹುಡುಗನ ಮುಖದ ಮೇಲೆ ಹೋಲಿಸಿ ನೋಡಿದರೆ ಅಲ್ಲಿ 3 ಸಾಕಾಗಿತ್ತು. ಎಡ ಅಂಚಿನಲ್ಲಿಯೂ ಮೂರರ ಹತ್ತಿರವೇ ಇರಬೇಕೆಂದು ಎಡಭಾಗವನ್ನು ಮೂರು ಪಟ್ಟಿಗಳಾಗಿ ಮಾಡಿ, ಹೊಲಿಗೆಯ ಕಡೆಗೆ 5, ನಡುವೆ 4, ತುದಿಗೆ 3 ಎಂದು ಕೊಟ್ಟೆ. ಪ್ರಭಾವಳಿ ಹೋಯಿತು. ಹನ್ನೊಂದು ಮುಖಗಳು ಗುರುತು ಹಿಡಿಯುವಷ್ಟು ಬಂದವು. ಹುಬ್ಬಳ್ಳಿಯ ಪ್ರಿಂಟಿನಷ್ಟು ಬರಲಿಲ್ಲ, ಬರುವಂತೆಯೂ ಇರಲಿಲ್ಲ.

ಹನ್ನೆರಡನೆಯದು ಹಿಂದಿನ ಸಾಲಿನ ಎಡ ತುದಿಯ ಹುಡುಗ. ಅವನ ಮುಖ ಯಾವ ಅಳತೆಗೂ ಬಗ್ಗಲಿಲ್ಲ. ಉಳಿದವರ ಮಸುಕು ಎಲ್ಲ ಕಡೆಗೂ ಸಮನಾಗಿ ಹರಡಿದ್ದರೆ ಇವನದು ಅಡ್ಡಡ್ಡಲಾಗಿ ಎಳೆದಂತಿತ್ತು. ಕಾಲರಿನ ಕೆಳಗೆ ಎಲ್ಲ ಸ್ಪಷ್ಟ, ಅಂಗಿಯ ಗುಂಡಿ ಕಾಣುತ್ತದೆ. ಕಾಲರಿನ ಮೇಲೆ ಕುಂಚದಿಂದ ಒರೆಸಿದ ಹಾಗೆ. ಅಂದರೆ ಕ್ಯಾಮೆರಾ ಅಲುಗಲಿಲ್ಲ, ಎನ್‌ಲಾರ್ಜರಿನ ತಪ್ಪೂ ಅಲ್ಲ. ಕ್ಯಾಮೆರಾದ ಶಟರ್ ತೆರೆದು ಮುಚ್ಚುವ ಆ ಗಳಿಗೆಯಲ್ಲಿ ಹುಡುಗ ತಲೆ ತಿರುಗಿಸಿದ್ದಾನೆ. ಅವನ ಮುಖ ಫಿಲ್ಮಿನ ಮೇಲೆ ಬೀಳಲೇ ಇಲ್ಲ.

ಅವನು ಗುಡ್ಡೆಮನೆಯವನು. ಏಳನೇ ತರಗತಿ ಮುಗಿಸಿದ ಬೇಸಿಗೆಯಲ್ಲೇ ಮುಂಬಯಿಗೆ ಹೋಟೆಲ್ ಕೆಲಸಕ್ಕೆ ಹೋದ. ಈಗ ಪುಣೆಯಲ್ಲಿ ಅಡುಗೆ ಭಟ್ಟ. ಗುಂಪಿಗೆ ಸೇರಿಸಿದ ದಿನವೇ ನನಗೆ ಫೋನ್ ಮಾಡಿದ್ದ. ‘ನನ್ನ ಹತ್ತಿರ ಚಿಕ್ಕಂದಿನ ಒಂದು ಫೋಟೊವೂ ಇಲ್ಲ ಮಾರಾಯ. ಮನೆಯಲ್ಲಿ ತೆಗೆಸಿದ್ದೇ ಇಲ್ಲ. ಮಗಳು ಕೇಳುತ್ತಾಳೆ, ಅಪ್ಪ ನೀನು ಹೇಗಿದ್ದೆ ಎಂದು. ಅದರಲ್ಲಿ ನನ್ನ ಮುಖ ಬರುತ್ತದೆಯೇ?’

ಆ ಮಾತು ಕೇಳಿದ ಮೇಲೆ ಆ ಒರೆಸಿದ ಮುಖವನ್ನು ನೋಡುವುದು ಸುಲಭವಾಗಿರಲಿಲ್ಲ. ಒಂದು ರಾತ್ರಿ ಬಾಗಿಲು ಹಾಕಿಕೊಂಡು, ಅವನ ಈಗಿನ ಫೋಟೊ ಪಕ್ಕದಲ್ಲಿಟ್ಟುಕೊಂಡು, ಒಂದು ಮುಖ ಮಾಡಲು ಕುಳಿತೆ. ಅವನ ಹಣೆ, ಅವನ ಕಿವಿ, ಹನ್ನೆರಡು ವರ್ಷದ ಕೆನ್ನೆ. ನನಗೆ ಕೈ ಓಡುತ್ತದೆ, ಮಾಡಬಲ್ಲೆ. ಮಾಡಿಯೂ ಬಿಟ್ಟೆ. ಬೆಳಿಗ್ಗೆ ನೋಡಿದರೆ ಅದು ಅವನೆಂದು ಎಲ್ಲರೂ ನಂಬುವಷ್ಟು ಚೆನ್ನಾಗಿತ್ತು. ಅವನ ಮಗಳೂ ನಂಬುತ್ತಿದ್ದಳು, ಅದನ್ನೇ ತನ್ನ ಮಕ್ಕಳಿಗೆ ತೋರಿಸುತ್ತಿದ್ದಳು. ಅದೇ ನನ್ನನ್ನು ತಡೆದದ್ದು. ಆ ಪದರವನ್ನು ಅಳಿಸಿ, ಮೇಷ್ಟ್ರ ಮನೆಗೆ ಹೋದೆ.

ಮೇಷ್ಟ್ರು ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಲದಿಂದ ಶುರು ಮಾಡಿ ಒಬ್ಬೊಬ್ಬರದೇ ಹೆಸರು ಹೇಳುತ್ತಾ ಬಂದರು. ಹಾಜರಿ ಕರೆಯುವಾಗಿನ ಅದೇ ಧಾಟಿ, ಹೆಸರಿನ ಮುಂದೆ ಮನೆಯ ಹೆಸರು. ಎಡ ತುದಿಗೆ ಬಂದಾಗ ನಾನು ನಡೆದದ್ದನ್ನೆಲ್ಲ ಹೇಳಿದೆ.

‘ಅವನು ತಿರುಗಿದ್ದು ನನಗೆ ಗೊತ್ತು’ ಎಂದರು. ‘ಮೂರನೇ ತರಗತಿಯಲ್ಲಿದ್ದ ಅವನ ತಂಗಿ ಬಾಗಿಲಲ್ಲಿ ನಿಂತು ಅಣ್ಣಾ ಎಂದು ಕೂಗಿದಳು. ಫೋಟೊ ಆದ ಮೇಲೆ ನಾನು ಬೈದೆ. ಇನ್ನೊಂದು ತೆಗೆಯಿರಿ ಎಂದರೆ ಫಿಲ್ಮ್ ಮುಗಿಯಿತು ಎಂದರು ಅವರು. ಹನ್ನೆರಡೇ ಅಲ್ಲವೇ ಆಗ ಒಂದು ರೋಲಿಗೆ?’ ಸ್ವಲ್ಪ ಹೊತ್ತು ಬಿಟ್ಟು, ‘ತಿರುಗಿದ್ದಾನೆ. ತಿರುಗಿದ ಹಾಗೆಯೇ ಇರಲಿ. ಆದರೆ ಅವನದು ಎಂದು ತೋರಿಸುವುದು ಬೇರೆ ಏನಾದರೂ ಇದೆಯೇ ನೋಡು’ ಎಂದರು.

ಅಂಗಡಿಗೆ ಬಂದು ಆ ಮೂಲೆಯನ್ನು ಪರದೆಯ ಮೇಲೆ ನಾಲ್ಕು ಪಟ್ಟು ದೊಡ್ಡದು ಮಾಡಿ ಕುಳಿತೆ. ಮುಖವನ್ನೇ ನೋಡುತ್ತಿದ್ದವನು ಅಲ್ಲಿಯವರೆಗೆ ಅವನ ಕೈಯನ್ನು ನೋಡಿರಲಿಲ್ಲ. ಎಡಗೈಯನ್ನು ಪಕ್ಕದ ಹುಡುಗನ ಹೆಗಲ ಮೇಲೆ ಇಟ್ಟಿದ್ದ. ಆ ಕೈ ಅಲುಗಿರಲಿಲ್ಲ. ತೋರುಬೆರಳಿನ ಮೇಲೆ ಅಂಗಿಗಿಂತ ಬಿಳಿಯಾದ ಒಂದು ಪಟ್ಟಿ ಇತ್ತು. ಮೊದಲು ಬೂಷ್ಟಿನ ಚುಕ್ಕೆಯೆಂದುಕೊಂಡೆ, ಅಳಿಸಲು ಕುಂಚವನ್ನೂ ತಂದಿದ್ದೆ. ಮೂಲ ಸ್ಕ್ಯಾನಿನ ನೀಲಿ ಪದರವನ್ನು ತೆರೆದು ನೋಡಿದೆ. ಬೂಷ್ಟಿನ ಚುಕ್ಕೆಗಳ ಅಂಚು ಕತ್ತರಿಸಿದಂತೆ ಚೂಪಾಗಿರುತ್ತದೆ, ಏಕೆಂದರೆ ಅವು ಕಾಗದದ ಮೇಲೆ ಆಮೇಲೆ ಬೆಳೆದವು. ಎನ್‌ಲಾರ್ಜರಿನ ಮಸುಕು ಅವುಗಳಿಗೆ ತಗಲುವುದಿಲ್ಲ. ಈ ಪಟ್ಟಿಯ ಅಂಚು ಮಾತ್ರ ಬೆರಳಿನಷ್ಟೇ ಮಸುಕಾಗಿತ್ತು. ಅದು ಚಿತ್ರದೊಳಗಿನದೇ. ಬಟ್ಟೆ ಸುತ್ತಿದ ಬೆರಳು. ಕುಂಚ ಕೆಳಗಿಟ್ಟೆ.

ಪ್ರಿಂಟಿನ ಅಳತೆಯ ಬಗ್ಗೆ ಸಮಿತಿಯಲ್ಲಿ ಒಂದಿಷ್ಟು ಮಾತಾಯಿತು. ವೇದಿಕೆಯ ಹಿಂದೆ ಹತ್ತು ಅಡಿಯ ಫ್ಲೆಕ್ಸ್ ಮಾಡಿಸಬೇಕೆಂದು ಕೆಲವರಿಗೆ ಆಸೆ. ಎಂಟು ಇಂಚನ್ನು ಹತ್ತು ಅಡಿಗೆ ಎಳೆದರೆ ಹದಿನೈದು ಪಟ್ಟು. ದೂರದಿಂದ ಸಾಲುಗಳು ಕಾಣುತ್ತವೆ, ಹತ್ತಿರ ಹೋದರೆ ಮುಖವಿರುವುದಿಲ್ಲ. ಮೂರು ಪಟ್ಟು, ಅಂದರೆ 24 ಇಂಚು ಅಗಲ 18 ಇಂಚು ಎತ್ತರ, ಹೊಳಪಿಲ್ಲದ ಫೋಟೊ ಕಾಗದದ ಮೇಲೆ ಮಾಡಿ, ಜಗುಲಿಯ ಗೋಡೆಗೆ ಕಣ್ಣಿನ ಎತ್ತರಕ್ಕೆ ಹಾಕೋಣ, ಜನ ಹತ್ತಿರ ಬಂದು ನೋಡಲಿ ಎಂದೆ. ಬಣ್ಣ ಹಾಕುವ ಮಾತೂ ಬಂತು. ಬೂದು ಲಂಗ ನೀಲಿಯೋ ಹಸಿರೋ ಬೂದಿನಲ್ಲಿ ಬರೆದಿರುವುದಿಲ್ಲ ಎಂದದ್ದಕ್ಕೆ ಒಪ್ಪಿದರು. ಪಕ್ಕದಲ್ಲಿ ಎಲ್ಲರ ಹೊರಗೆರೆ ಬರೆದ ಇನ್ನೊಂದು ಹಾಳೆ, ತಲೆಗೊಂದು ಸಂಖ್ಯೆ, ಕೆಳಗೆ ಹೆಸರು ಬರೆಯಲು ಗೆರೆ. ಹಿಂದಿನ ಸಾಲಿನ ಎಡ ತುದಿ ಒಂದನೇ ಸಂಖ್ಯೆ.

ಗುರುವಂದನೆಯ ದಿನ ಗುಡ್ಡೆಮನೆಯವನು ರಾತ್ರಿ ಬಸ್ಸಿನಿಂದ ಇಳಿದು ಸೀದಾ ಶಾಲೆಗೆ ಬಂದ. ಜೊತೆಗೆ ಮಗಳಿದ್ದಳು. ನಾನು ಮೊದಲೇ ಹೇಳಿಬಿಟ್ಟೆ: ‘ನಿನ್ನ ಮುಖ ಬರಲಿಲ್ಲ. ನೀನು ತಿರುಗಿದ್ದೆ. ಮಾಡಿ ಹಾಕಬಹುದಿತ್ತು, ಹಾಕಲಿಲ್ಲ.’ ಅವನು ಏನೂ ಅನ್ನಲಿಲ್ಲ. ಫೋಟೊದ ಹತ್ತಿರ ಹೋಗಿ, ಎಡ ತುದಿಯ ಮುಂದೆ ಬಾಗಿ ನಿಂತ. ಒರೆಸಿದ ಮುಖವನ್ನು ನೋಡಿದ. ಅಲ್ಲಿಂದ ಕಣ್ಣು ಹೆಗಲಿಗೆ, ತೋಳಿಗೆ, ಕೈಗೆ ಇಳಿಯಿತು.

‘ಅಯ್ಯೋ’ ಎಂದ. ‘ಇದು ಸೊಪ್ಪು ಕೊಯ್ಯುವಾಗ ಕತ್ತಿ ತಾಗಿದ್ದು. ಅವ್ವ ತನ್ನ ಸೀರೆಯ ಅಂಚು ಹರಿದು ಕಟ್ಟಿದ್ದಳು.’

ತನ್ನ ಎಡಗೈಯನ್ನು ಮಗಳ ಮುಂದೆ ಹಿಡಿದ. ತೋರುಬೆರಳಿನ ಎರಡನೇ ಗಿಣ್ಣಿನ ಮೇಲೆ ಓರೆಯಾಗಿ ಬಿಳಿ ಗೆರೆ ಇತ್ತು. ಮಗಳು ಒಮ್ಮೆ ಕೈ ನೋಡಿದಳು, ಒಮ್ಮೆ ಫೋಟೊ ನೋಡಿದಳು, ಮೊಬೈಲ್ ತೆಗೆದು ಎರಡೂ ಒಟ್ಟಿಗೆ ಬರುವಂತೆ ಫೋಟೊ ತೆಗೆದುಕೊಂಡಳು.

ಮೇಷ್ಟ್ರನ್ನು ಕೈ ಹಿಡಿದು ಕರೆದುಕೊಂಡು ಬಂದರು. ಹೆಸರಿನ ಹಾಳೆಯಲ್ಲಿ ಒಂದನೇ ಗೆರೆ ಇನ್ನೂ ಖಾಲಿ ಇತ್ತು. ಅದನ್ನು ಅವರೇ ಬರೆಯಲೆಂದು ನಾನು ಬಿಟ್ಟಿದ್ದೆ. ಕನ್ನಡಕ ಸರಿಮಾಡಿಕೊಂಡು, ಪೆನ್ನು ಕೇಳಿ ತೆಗೆದುಕೊಂಡು, ಮೊದಲು ಮನೆಯ ಹೆಸರು, ಆಮೇಲೆ ಅವನ ಹೆಸರು ದುಂಡಗೆ ಬರೆದರು. ‘ಈಗಲಾದರೂ ಈ ಕಡೆ ನೋಡು’ ಎಂದರು. ಅವನು ನೋಡಿದ.